ಎಚ್ ಅಂದರೆ ಹೈದರಾಬಾದಲ್ಲ

ಬಾಮಿನ ಹಳೇ ಡಬ್ಬಿಯೊಂದರಲ್ಲಿ ಎರಡು ನಾಣ್ಯ ಹಾಕಿಕೊಂಡು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಒಂದು ಭಾನುವಾರ ಮನೆಗೆ ಬಂದರು. ಎರಡೂ ಬಿಳಿ ಲೋಹ. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಮಂಕಾಗಿತ್ತು. ಹೊಳೆಯುತ್ತಿದ್ದುದನ್ನು ಮೊಮ್ಮಗ ಹುಣಸೆಹಣ್ಣು ಹಾಕಿ ತಿಕ್ಕಿದ್ದನಂತೆ. ಇನ್ನೊಂದಕ್ಕೂ ಕೈ ಹಾಕುವಷ್ಟರಲ್ಲಿ ಅವರ ಮನೆಯಾಕೆ ಗದರಿದ್ದರಿಂದ ಅದು ಬಚಾವಾಗಿದೆ.

'ಅಕ್ಕಸಾಲಿಗರಿಗೆ ತೋರಿಸಿದೆ ಕಣ್ರೀ. ನಿಜಾಮರ ನಾಣ್ಯ ಅಂದುಬಿಟ್ಟರು. ಉರ್ದು ಇದೆಯಲ್ಲ, ಕೆಳಗೆ ಇಂಗ್ಲಿಷಿನ ಎಚ್ ಕೂಡ ಇದೆ, ಹೈದರಾಬಾದ್ ಅಂತಲೇ ಅರ್ಥ ಅಂದರು. ಆದರೆ ಇದು ನಮ್ಮಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು. ಅಜ್ಜ ಹೈದರಾಬಾದಿಗೆ ಹೋದವರೇ ಅಲ್ಲ.'

ಅಜ್ಜನ ವಿಷಯ ಆಮೇಲೆ ಹೇಳಿ ಅಂದೆ. ಗುರುತು ಸಿಗದ ನಾಣ್ಯ ಕೈಗೆ ಬಂದಾಗ ಮನೆಯ ಕಥೆಯನ್ನು ಮೊದಲು ಕೇಳಿಬಿಟ್ಟರೆ ಕಣ್ಣು ಆ ಕಥೆಗೆ ಬೇಕಾದ್ದನ್ನೇ ಓದತೊಡಗುತ್ತದೆ. ಮೊದಲು ನಾಣ್ಯ ಏನು ಹೇಳುತ್ತದೋ ಕೇಳೋಣ, ಅಜ್ಜನನ್ನು ಕೊನೆಗೆ ಸಾಕ್ಷಿಗೆ ಕರೆಯೋಣ ಎಂದುಕೊಂಡೆವು.

ಅಕ್ಕಸಾಲಿಗರ ಊಹೆ ಪೂರಾ ದಡ್ಡತನದ್ದಲ್ಲ. ಹೊಳೆಯುತ್ತಿದ್ದ ನಾಣ್ಯದ ಒಂದು ಬದಿಯಲ್ಲಿ ಅಕ್ಷರಗಳನ್ನೇ ಹೆಣೆದು ಮಾಡಿದ ಚಿತ್ರವಿತ್ತು: ಮೂರು ಕೋಲು ಮೇಲಕ್ಕೆ ನೆಟ್ಟಗೆ ನಿಂತಿವೆ, ಎಡಗಡೆಗೆ ದೊಡ್ಡ ಕುಣಿಕೆಗಳು ಹೊರಟಿವೆ, ಅಡಿಯಲ್ಲಿ ಬರಹದ ಗಂಟು. ಇದಕ್ಕೆ ತುಘ್ರಾ ಎನ್ನುತ್ತಾರೆ, ಅರಸನ ಅಲಂಕಾರದ ಸಹಿ. ತುರ್ಕಿಯ ಉಸ್ಮಾನಿ ಸುಲ್ತಾನರ ಗುರುತೆಂದೇ ಇದು ಪ್ರಸಿದ್ಧ, ಆದರೆ ಹೈದರಾಬಾದಿನ ನಿಜಾಮರೂ ಇಪ್ಪತ್ತನೇ ಶತಮಾನದ ಆರಂಭದಿಂದ ತಮ್ಮ ಪೈ ನಾಣ್ಯಗಳ ಮೇಲೆ ತಮ್ಮ ಬಿರುದನ್ನು ತುಘ್ರಾದಂತೆಯೇ ಹೆಣೆಸಿ ಹಾಕಿಸಿದರು. ಹಾಗಾಗಿ ತುಘ್ರಾ ಕಂಡ ಮಾತ್ರಕ್ಕೆ ತುರ್ಕಿ ಅನ್ನುವಂತಿಲ್ಲ, ಹೈದರಾಬಾದ್ ಅನ್ನುವಂತೆಯೂ ಇಲ್ಲ. ಅದು ಒಂದು ಉಪಕಾರವನ್ನಂತೂ ಮಾಡುತ್ತದೆ. ಉಸ್ಮಾನಿ ತುಘ್ರಾದ ಕೋಲುಗಳು ಮೇಲ್ಮುಖವಾಗಿರುವುದರಿಂದ ನಾಣ್ಯವನ್ನು ಯಾವ ಕಡೆ ಮೇಲು ಮಾಡಿ ಹಿಡಿಯಬೇಕು ಎಂಬುದು ಗೊತ್ತಾಗುತ್ತದೆ. ಇದು ಸಣ್ಣ ವಿಷಯವಲ್ಲ. ಅರಬ್ಬಿ ಲಿಪಿ ಬಾರದವರು ಅರ್ಧದಷ್ಟು ಸಲ ನಾಣ್ಯವನ್ನು ತಲೆಕೆಳಗಾಗಿ ಹಿಡಿದು 'ಏನೂ ಅರ್ಥವಾಗುತ್ತಿಲ್ಲ' ಎಂದು ಕೈಚೆಲ್ಲುತ್ತಾರೆ.

ಲಿಪಿಯೂ ದೇಶದ ಹೆಸರನ್ನು ಹೇಳುವುದಿಲ್ಲ. ನಮ್ಮವರಿಗೆ ಇದನ್ನು ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ, ಟಿಪ್ಪುವಿನ ಆನೆ ದುಡ್ಡನ್ನು ತಿರುವಿ ನೋಡಿದರೆ ಸಾಕು. ಆನೆಯ ಹಿಂಬದಿಗೆ ಪಾರ್ಸಿ ಬರಹವಿದೆ, ಅದರಲ್ಲಿ 'ಪಟ್ಟಣ' ಎಂಬ ಹೆಸರಿದ್ದರೆ ಅಚ್ಚಾದದ್ದು ಕಾವೇರಿಯ ನಡುವಿನ ಶ್ರೀರಂಗಪಟ್ಟಣದಲ್ಲಿ. ಲಿಪಿಯನ್ನಷ್ಟೇ ನಂಬಿದವನು ಅದನ್ನು ಇರಾನಿಗೆ ಕಳಿಸಿಬಿಡುತ್ತಾನೆ. ಮೊರಾಕ್ಕೋದಿಂದ ಬಂಗಾಳದವರೆಗೆ, ಅಲ್ಲಿಂದಾಚೆ ಮಲಯದವರೆಗೆ ಇದೇ ಲಿಪಿಯಲ್ಲಿ ನಾಣ್ಯ ಅಚ್ಚಾಗಿದೆ. ಲಿಪಿ ತೋರಿಸುವುದು ಕೇರಿಯನ್ನು, ಮನೆಯನ್ನಲ್ಲ.

ಮನೆ ಹುಡುಕಲು ಒಂದೇ ಒಂದು ಪದ ಗುರುತಿಸಲು ಬಂದರೆ ಸಾಕು, ಭಾಷೆ ಬರಬೇಕೆಂದಿಲ್ಲ. ಆ ಪದ ಮೂರಕ್ಷರದ್ದು. ಭಾರತದ ಕಡೆ ಅದನ್ನು ಜರ್ಬ್ ಎಂದು ಓದುತ್ತಾರೆ, ಅರಬ್ಬಿಯಲ್ಲಿ ದುರಿಬ. ಬರೆಯುವುದು ಒಂದೇ ರೀತಿ, ಅರ್ಥವೂ ಒಂದೇ: ಅಚ್ಚು ಹೊಡೆದದ್ದು. ಬಲದಿಂದ ನೋಡುತ್ತಾ ಬಂದರೆ ಮೊದಲು ಮಲಗಿಸಿದ ಮೊಟ್ಟೆಯಂಥ ಒಂದು ಕುಣಿಕೆ, ಅದರ ನೆತ್ತಿಯ ಮೇಲೆ ಒಂದು ಚುಕ್ಕೆ. ಆಮೇಲೆ ಗೆರೆಯಿಂದ ಕೆಳಕ್ಕೆ ಇಳಿಯುವ ಒಂದು ಬಾಲ. ಕೊನೆಗೆ ಚಪ್ಪಟೆ ದೋಣಿಯಂಥ ಅಕ್ಷರ, ಅದರ ಹೊಟ್ಟೆಯಡಿ ಒಂದು ಚುಕ್ಕೆ. ಈ ಪದ ಸಿಕ್ಕಿತೆಂದರೆ ಅದಕ್ಕೆ ಅಂಟಿಕೊಂಡೇ ಊರಿನ ಹೆಸರಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಉಪಯೋಗಕ್ಕೆ ಬರುವಂಥದ್ದು. ಮೊಘಲರ ಕಾಲದಿಂದ ಈಚಿನ ನಮ್ಮ ನಾಣ್ಯಗಳಲ್ಲಿ ಜರ್ಬ್ ಆದಮೇಲೆ ನೇರವಾಗಿ ಊರು ಬರುತ್ತದೆ: ಜರ್ಬ್ ಸೂರತ್, ಜರ್ಬ್ ಪಟ್ಟಣ. ಉಸ್ಮಾನಿ ಸುಲ್ತಾನರ ನಾಣ್ಯದಲ್ಲಿ ನಡುವೆ 'ಫೀ' ಎಂಬ ಎರಡಕ್ಷರದ ಪದ ಸೇರಿಕೊಳ್ಳುತ್ತದೆ. ಅಂದರೆ ನಮ್ಮ 'ಅಲ್ಲಿ' ಎಂಬ ವಿಭಕ್ತಿ. ಮೇಲೊಂದು ಚುಕ್ಕೆ ಇರುವ ಸಣ್ಣ ಸುರುಳಿ, ಅದಕ್ಕೊಂದು ಬಾಗಿದ ಬಾಲ. ನಿಜಾಮರ ನಾಣ್ಯದಲ್ಲಾದರೆ ಹೈದರಾಬಾದ್ ಎಂಬ ಉದ್ದನೆಯ ಹೆಸರು, ಅದರ ಜೊತೆಗೆ 'ಫರ್ಖುಂದಾ ಬುನ್ಯಾದ್' ಎಂಬ ಬಿರುದು, ಆಳ್ವಿಕೆಯ ವರ್ಷ ಹೇಳುವ 'ಜುಲೂಸ್' ಎಂಬ ಪದ ಇವೆಲ್ಲ ಇರಬೇಕಿತ್ತು.

ಮೇಷ್ಟ್ರ ನಾಣ್ಯವನ್ನು ಕಿಟಕಿಯ ಹತ್ತಿರ ಒಯ್ದು, ಟಾರ್ಚನ್ನು ಮೇಲಿಂದ ಬಿಡದೆ ಪಕ್ಕದಿಂದ, ಮೇಜಿಗೆ ತಾಗುವಷ್ಟು ತಗ್ಗಿಸಿ ಬಿಟ್ಟೆ. ಹೀಗೆ ಮಾಡಿದರೆ ಸವೆದ ಅಕ್ಷರಕ್ಕೂ ಒಂದಿಷ್ಟು ನೆರಳು ಹುಟ್ಟುತ್ತದೆ. ಹುಣಸೆಹಣ್ಣಿನ ಪ್ರತಾಪದಿಂದ ಅಕ್ಷರದ ಬುಡದಲ್ಲಿದ್ದ ಕಪ್ಪೆಲ್ಲ ಹೋಗಿ, ಅಕ್ಷರವೂ ಬಯಲೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಹಳೇ ನಾಣ್ಯದಲ್ಲಿ ನಾವು ಓದುವುದೇ ಆ ಕಪ್ಪನ್ನು. ತೊಳೆಯಲೇಬೇಕೆಂದರೆ ಸಾಬೂನಿನ ನೀರಲ್ಲಿ ನೆನೆಸಿ, ಉಜ್ಜದೆ ಬಟ್ಟೆಗೊತ್ತಿ ಒಣಗಿಸುವುದಷ್ಟೇ. ಬೆಳಕಿನಲ್ಲೂ ಅರ್ಧಂಬರ್ಧ ಕಂಡದ್ದಕ್ಕೆ ನಾವು ಶಾಲೆಯಲ್ಲಿ ನೋಟ್‌ಬುಕ್ಕಿನ ಹಾಳೆಯಡಿ ನಾಲ್ಕಾಣೆ ಇಟ್ಟು ಪೆನ್ಸಿಲ್ ತಿಕ್ಕುತ್ತಿದ್ದೆವಲ್ಲ, ಅದನ್ನೇ ಮಾಡಿದೆ. ತೆಳು ಕಾಗದ, ಮೆತ್ತನೆಯ ಸೀಸ, ಹಗುರ ಕೈ. ಕಾಗದದ ಮೇಲೆ ಮೊಟ್ಟೆಯಾಕಾರದ ಕುಣಿಕೆ ಎದ್ದು ಬಂತು, ಹಿಂದೆಯೇ ಫೀ. ಆಮೇಲೆ ಊರಿನ ಹೆಸರು, ಬರೀ ಮೂರಕ್ಷರ: ಒಂದು ಪುಟ್ಟ ಗಂಟು, ಮತ್ತೊಂದು ಮೊಟ್ಟೆ ಕುಣಿಕೆ, ಅದರ ಮೇಲೆ ಈ ಸಲ ಚುಕ್ಕೆಯಿಲ್ಲ, ಕೊನೆಗೆ ಇಳಿಬಾಲ. ಮೀಮ್, ಸ್ವಾದ್, ರೇ. ಮಿಸ್ರ್.

ಮಿಸ್ರ್ ಎಂದರೆ ಈಜಿಪ್ಟ್. ಅರಬರು ಆ ದೇಶವನ್ನೂ ಕೈರೋ ನಗರವನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಒಂದು ಪದವನ್ನು ತಪ್ಪಾಗಿ ಓದುವುದು ಸುಲಭ, ಸವೆದ ನಾಣ್ಯದಲ್ಲಂತೂ ಇನ್ನೂ ಸುಲಭ. ನಾಣ್ಯದ ಬೆಲೆ, ಇಸವಿ, ಟಂಕಸಾಲೆಯ ಗುರುತು ಈ ಮೂರೂ ಅದೇ ಮಾತನ್ನು ಹೇಳುತ್ತವೆಯೇ ಎಂದು ನೋಡಿಬಿಡಬೇಕು. ಒಂದಾದರೂ ತಕರಾರು ತೆಗೆದರೆ ಮೊದಲ ಓದಿನಲ್ಲೇ ಎಲ್ಲೋ ಎಡವಿದ್ದೇವೆಂದು ಅರ್ಥ.

ಬೆಲೆ ಓದಬೇಕಾದರೆ ಅಂಕಿ ಬರಬೇಕು. ಈ ಲಿಪಿಯಲ್ಲಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ. (ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ಮಾತ್ರ ವರ್ಷದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ್ದಾನೆ; ಅವನ ನಾಣ್ಯ ಓದಿ ರೂಢಿಯಾದವರು ಇಲ್ಲಿ ಎಡವುತ್ತಾರೆ.) ಕನ್ನಡಿಗರ ಕಣ್ಣಿಗೆ ಮೋಸ ಮಾಡುವ ಅಂಕಿಗಳು ಮೂರು. ದುಂಡಗಿನ ಸೊನ್ನೆಯಂತೆ ಕಾಣುವುದು ಐದು. ಸೊನ್ನೆ ಬರೀ ಒಂದು ಚುಕ್ಕೆ. ಇಂಗ್ಲಿಷಿನ ಏಳರ ಹಾಗೆ ಕಾಣುವುದು ಆರು. ನಿಜವಾದ ಏಳು ಇಂಗ್ಲಿಷಿನ ವಿ ಅಕ್ಷರದ ಹಾಗಿರುತ್ತದೆ, ಅದನ್ನು ಬೋರಲು ಹಾಕಿದರೆ ಎಂಟು. ಇಂಗ್ಲಿಷಿನ ಮೂರನ್ನು ಕನ್ನಡಿಯಲ್ಲಿ ನೋಡಿದಂತಿದ್ದರೆ ಅದು ನಾಲ್ಕು.

ಮೇಷ್ಟ್ರ ನಾಣ್ಯದಲ್ಲಿ ಒಂದು ಗೀಟು, ಪಕ್ಕದಲ್ಲೊಂದು ಚುಕ್ಕೆ. ಹತ್ತು. ಅದರ ಜೊತೆಗಿದ್ದ ಬರಹ 'ಉಷ್ರ್ ಅಲ್ ಕಿರ್ಶ್', ಅಂದರೆ ಕಿರ್ಶಿನ ಹತ್ತನೇ ಒಂದು ಪಾಲು. ಹತ್ತು ಹತ್ತನೇ ಪಾಲು ಸೇರಿದರೆ ಒಂದು ಪೂರ್ತಿ ಕಿರ್ಶ್ ತಾನೇ, ಹಾಗೆಂದೇ ಏಕೆ ಬರೆಯಲಿಲ್ಲ ಎಂದು ಮೇಷ್ಟ್ರು ಕೇಳಿದರು. ಮೇಷ್ಟ್ರಲ್ಲವೇ, ಲೆಕ್ಕ ತಪ್ಪಿಸುವುದಿಲ್ಲ. ಈಜಿಪ್ಟ್ 1885ರಲ್ಲಿ ತನ್ನ ಹಣವನ್ನು ದಶಮಾಂಶಕ್ಕೆ ತಿರುಗಿಸಿಕೊಂಡಿತು. ಅದುವರೆಗೆ ಕಿರ್ಶಿಗೆ 40 ಪಾರಾ ಇತ್ತು, ಆಮೇಲೆ ಕಿರ್ಶಿಗೆ ಹತ್ತು ಪಾಲು, ಪೌಂಡಿಗೆ ನೂರು ಕಿರ್ಶ್. ಹೊಸ ಚಿಲ್ಲರೆಯ ಮೇಲೆಲ್ಲ ಈ ಹತ್ತನೇ ಪಾಲಿನ ಲೆಕ್ಕವನ್ನೇ ಕೊರೆಸಿದರು. ನಮ್ಮಲ್ಲಿ 1957ರಲ್ಲಿ ನಯಾ ಪೈಸೆ ಬಂದಾಗ ನಾಣ್ಯದ ಮೇಲೆಯೇ 'ರೂಪಾಯಿಯ ನೂರನೇ ಭಾಗ' ಎಂದು ಹಿಂದಿಯಲ್ಲಿ ಬರೆದಿರಲಿಲ್ಲವೇ, ಅದೇ ಬುದ್ಧಿ. ಉಷ್ರ್ ಅಲ್ ಕಿರ್ಶ್ ಎಂದಿರುವ ನಾಣ್ಯ ತುರ್ಕಿಯದಾಗಲು ಸಾಧ್ಯವಿಲ್ಲ, ಏಕೆಂದರೆ ತುರ್ಕಿಯಲ್ಲಿ ಪಾರಾ ಲೆಕ್ಕವೇ ಮುಂದುವರಿದಿತ್ತು. ಹೈದರಾಬಾದಿನದಂತೂ ಅಲ್ಲವೇ ಅಲ್ಲ. ಅಲ್ಲಿ ಇರಬೇಕಾದ್ದು ಪೈ, ಆಣೆ.

ಇನ್ನು ಇಸವಿ. 1327 ಎಂದು ಸ್ಪಷ್ಟವಾಗಿತ್ತು. ಹಿಜರಿ ವರ್ಷವನ್ನು ಕ್ರಿಸ್ತಶಕಕ್ಕೆ ತರಲು ಅದರಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಬೇಕು, ಚಾಂದ್ರಮಾನ ವರ್ಷ ಹನ್ನೊಂದು ದಿನ ಚಿಕ್ಕದಾದ್ದರಿಂದ ಆ ಮೂರು ಪಾಲು ಕಳೆಯುವುದು. ಮೇಷ್ಟ್ರು ಬಾಯಲ್ಲೇ ಲೆಕ್ಕ ಹಾಕಿ '1909' ಎಂದರು. ಲೆಕ್ಕ ಸರಿ, ಉತ್ತರ ತಪ್ಪು. ಉಸ್ಮಾನಿ ನಾಣ್ಯದ ಮೇಲಿನ ದೊಡ್ಡ ಇಸವಿ ನಾಣ್ಯ ಅಚ್ಚಾದ ವರ್ಷವಲ್ಲ, ಸುಲ್ತಾನ ಪಟ್ಟಕ್ಕೇರಿದ ವರ್ಷ. ಅವನು ಆಳುವಷ್ಟು ಕಾಲವೂ ಅದೇ ಅಂಕಿ ಬರುತ್ತಲೇ ಇರುತ್ತದೆ. ಮೊಘಲರು ಅಚ್ಚಾದ ವರ್ಷವನ್ನೂ ಆಳ್ವಿಕೆಯ ವರ್ಷವನ್ನೂ ಎರಡನ್ನೂ ಹಾಕುತ್ತಿದ್ದುದರಿಂದ ಅವರ ನಾಣ್ಯ ಬಲ್ಲ ನಮ್ಮ ಸಂಗ್ರಾಹಕರೇ ಇಲ್ಲಿ ಹೆಚ್ಚು ಸಲ ಬೀಳುತ್ತಾರೆ.

ಈ ಪದ್ಧತಿಯಿಂದ ಒಂದು ಲಾಭವೂ ಉಂಟು. ತುಘ್ರಾವನ್ನು ಬಿಡಿಸಿ ಓದುವ ಕಷ್ಟವೇ ಬೇಡ. 1255 ಇದ್ದರೆ ಅಬ್ದುಲ್ ಮಜೀದ್, 1277 ಅಬ್ದುಲ್ ಅಜೀಜ್, 1293 ಇದ್ದರೆ ಬಹುಮಟ್ಟಿಗೆ ಎರಡನೇ ಅಬ್ದುಲ್ ಹಮೀದ್, 1327 ಐದನೇ ಮಹಮ್ಮದ್, 1336 ಕೊನೆಯ ಸುಲ್ತಾನ ಆರನೇ ಮಹಮ್ಮದ್. ಐದು ಅಂಕಿಗಳನ್ನು ನೆನಪಿಟ್ಟುಕೊಂಡರೆ ಎಂಬತ್ತು ವರ್ಷಗಳ ತುರ್ಕಿಯ ಚರಿತ್ರೆ ಜೇಬಿನಲ್ಲಿ. ಅಚ್ಚಾದ ವರ್ಷ ಬೇಕಾದರೆ ಬೇರೆ ಕಡೆ ಒಂಟಿಯಾಗಿ ನಿಂತ ಪುಟ್ಟ ಅಂಕಿಯೊಂದನ್ನು ಹುಡುಕಬೇಕು, ಆಳ್ವಿಕೆಯ ಎಷ್ಟನೇ ವರ್ಷ ಎಂದು ಹೇಳುವುದು ಅದೇ. ನಮ್ಮ ನಾಣ್ಯದಲ್ಲಿ ಕನ್ನಡಿಯೊಳಗಿನ ಮೂರು ಸಿಕ್ಕಿತು, ಅಂದರೆ ನಾಲ್ಕು. ಪಟ್ಟಕ್ಕೇರಿದ್ದೇ ಒಂದನೇ ವರ್ಷವಾದ್ದರಿಂದ ನಾಲ್ಕನೆಯದು ಹಿಜರಿ 1330, ನಮ್ಮ ಲೆಕ್ಕದಲ್ಲಿ 1912ರ ಸುಮಾರು.

ಇಲ್ಲೇ ದೇಶದ ಪ್ರಶ್ನೆ ಸ್ವಲ್ಪ ಗೋಜಲಾಗುತ್ತದೆ. ಸುಲ್ತಾನ ತುರ್ಕಿಯವನು, ಊರು ಈಜಿಪ್ಟಿನದು, 1912ರಲ್ಲಿ ಅಲ್ಲಿ ಕೂತು ಆಡಳಿತ ನಡೆಸುತ್ತಿದ್ದವರು ಇಂಗ್ಲಿಷರು. 1882ರಿಂದಲೇ ಈಜಿಪ್ಟು ಬ್ರಿಟಿಷರ ಹಿಡಿತದಲ್ಲಿತ್ತು, ಆದರೆ ಕಾಗದಪತ್ರದ ಮಟ್ಟಿಗೆ ಅದು 1914ರ ಡಿಸೆಂಬರಿನವರೆಗೆ ಉಸ್ಮಾನಿ ಸಾಮ್ರಾಜ್ಯದ ಪ್ರಾಂತ್ಯವೇ. ಹಾಗಾಗಿ ನಾಣ್ಯದ ಮುಖದ ಮೇಲೆ ಇಸ್ತಾಂಬುಲಿನ ಸುಲ್ತಾನ. ಈಜಿಪ್ಟಿಗೆ ತನ್ನದೇ ಸುಲ್ತಾನ ಬಂದ ಮೇಲೆ, 1916-17ರಲ್ಲಿ ಬಂದ ಚಿಲ್ಲರೆಯಲ್ಲಿ ತುಘ್ರಾ ಮಾಯವಾಗಿ ನಡುವೆ ತೂತು ಬಿದ್ದಿದೆ, ಇಂಗ್ಲಿಷ್ ಬರಹ ಸೇರಿದೆ. ಹೀಗಾಗಿ ಹೊರಡಿಸಿದ ದೇಶ ಯಾವುದು ಎಂದರೆ ನಾನು ಹೇಳುವುದು ಈಜಿಪ್ಟ್ ಎಂದೇ. ನಾಣ್ಯ ಯಾವ ಲೆಕ್ಕದಲ್ಲಿ ಚಲಾವಣೆಯಾಗುತ್ತಿತ್ತೋ, ಯಾವ ಖಜಾನೆ ಅದನ್ನು ವಾಪಸ್ ತೆಗೆದುಕೊಳ್ಳುತ್ತಿತ್ತೋ ಅದು ನಾಣ್ಯದ ದೇಶ. ಮುಖದ ಮೇಲೆ ಯಾರ ಹೆಸರಿದೆ ಎಂಬುದು ಬೇರೆ ಮಾತು.

'ಹಾಗಾದರೆ ಈ ಎಚ್?' ಎಂದರು ಮೇಷ್ಟ್ರು.

ಆ ಎಚ್ ಹೀಟನ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರಾಲ್ಫ್ ಹೀಟನ್ ಎಂಬಾತ 1850ರಲ್ಲಿ ಸೋಹೋ ಟಂಕಸಾಲೆಯ ಹಳೇ ಯಂತ್ರಗಳನ್ನು ಹರಾಜಿನಲ್ಲಿ ಕೊಂಡು ನಾಣ್ಯ ಹೊಡೆಯುವ ಖಾಸಗಿ ಕಾರ್ಖಾನೆ ಶುರುಮಾಡಿದ. ತನ್ನದೇ ಟಂಕಸಾಲೆ ಇಲ್ಲದ ಅಥವಾ ಇದ್ದರೂ ಸಾಲದ ಸರ್ಕಾರಗಳು ಅಲ್ಲಿಗೆ ಗುತ್ತಿಗೆ ಕೊಡುತ್ತಿದ್ದವು. ಕೆನಡಾ, ಹಾಂಗ್‌ಕಾಂಗ್, ಸರಾವಾಕ್, ಪೂರ್ವ ಆಫ್ರಿಕಾ ಎಲ್ಲ ಕಡೆಯ ನಾಣ್ಯಗಳಲ್ಲೂ ಸೂಜಿಮೊನೆಯಷ್ಟು ಸಣ್ಣ ಎಚ್ ಸಿಗುತ್ತದೆ. ಲಂಡನ್ನಿನ ಟಂಕಸಾಲೆಗೆ ಕೈತುಂಬ ಕೆಲಸವಿದ್ದ ವರ್ಷಗಳಲ್ಲಿ ಬ್ರಿಟನ್ನಿನ ಪೆನ್ನಿಯ ಮೇಲೂ ಇದೆ. ದೂರ ಹೋಗುವುದೇ ಬೇಡ, ನಮ್ಮ 1985ರ ಒಂದು ರೂಪಾಯಿ ಕೆಲವದರಲ್ಲಿ ಇಸವಿಯ ಕೆಳಗೆ ಇದೇ ಎಚ್ ಇದೆ. ನಾಣ್ಯದ ಅಭಾವವಾಗಿ ಆ ವರ್ಷ ವಿದೇಶಗಳಲ್ಲಿ ಹೊಡೆಸಿದ್ದು ಅದು. ಹೈದರಾಬಾದ್ ಟಂಕಸಾಲೆಯ ಮಾಮೂಲಿ ಗುರುತು ನಕ್ಷತ್ರ, ಮುಂಬಯಿಯದು ವಜ್ರದಾಕಾರ, ನೋಯ್ಡಾದ್ದು ಚುಕ್ಕೆ, ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಎಚ್ ಇವುಗಳಲ್ಲಿ ಯಾವುದರದ್ದೂ ಅಲ್ಲ.

ಟಂಕಸಾಲೆ ಗುರುತಿನಿಂದ ದೇಶ ಹೇಳಲು ಹೊರಟವರು ಕಾರ್ಖಾನೆಯ ವಿಳಾಸವನ್ನು ಮಾಲೀಕನ ವಿಳಾಸ ಎಂದು ತಿಳಿಯುತ್ತಾರೆ. ಇದರ ತದ್ವಿರುದ್ಧದ ಉದಾಹರಣೆಯೊಂದು ನಮ್ಮ ಸಂತೆಗಳಲ್ಲೂ ಕಾಣಸಿಗುತ್ತದೆ: ಸುಮಾರು 27 ಗ್ರಾಂ ತೂಗುವ ದೊಡ್ಡ ಬೆಳ್ಳಿ ನಾಣ್ಯ, ತ್ರಿಶೂಲ ಹಿಡಿದು ನಿಂತ ಹೆಂಗಸು, 'ಒಂದು ಡಾಲರ್' ಎಂದು ಇಂಗ್ಲಿಷಿನಲ್ಲಿ, ಹಿಂಬದಿಗೆ ಚೀನೀ ಅಕ್ಷರ ಮತ್ತು ಅರಬ್ಬಿ ಲಿಪಿಯ ಮಲಯ ಬರಹ. ದೇಶದ ಹೆಸರು ಎಲ್ಲೂ ಇಲ್ಲ. 1895ರಿಂದ ಹೊಡೆದ ಬ್ರಿಟಿಷ್ ವ್ಯಾಪಾರಿ ಡಾಲರ್ ಅದು. ತ್ರಿಶೂಲದ ನಡುವಿನ ಮೊನೆಯಲ್ಲಿ ಭೂತಗನ್ನಡಿಗೆ ಮಾತ್ರ ಕಾಣುವ ಬಿ ಇದ್ದರೆ ಅಚ್ಚಾದದ್ದು ನಮ್ಮ ಮುಂಬಯಿಯಲ್ಲಿ. ಹಾಗೆಂದು ಅದು ಭಾರತದ ನಾಣ್ಯವಲ್ಲ, ಇಲ್ಲಿ ಯಾರೂ ಅದರಿಂದ ಅಕ್ಕಿ ಕೊಳ್ಳಲಿಲ್ಲ. ಅದು ಹೋದದ್ದು ಹಾಂಗ್‌ಕಾಂಗ್, ಸಿಂಗಪುರ, ಚೀನಾದ ಬಂದರುಗಳಿಗೆ. ಮೂರು ಲಿಪಿಗಳೂ ಸೇರಿ ಬಳಸುವವರು ಯಾರೆಂದು ಹೇಳುತ್ತಿವೆ, ಬಿ ಹೇಳುತ್ತಿರುವುದು ಬೆವರು ಯಾರದೆಂದು.

ಆದರೂ ಗುರುತನ್ನು ತಳ್ಳಿಹಾಕುವಂತಿಲ್ಲ. ಹೀಟನ್ ಕಾರ್ಖಾನೆ ಐದನೇ ಮಹಮ್ಮದನ ಹೆಸರಿನ ಈಜಿಪ್ಟಿನ ಚಿಲ್ಲರೆಯನ್ನು ಹೊಡೆದಿತ್ತು ಎಂಬುದು ದಾಖಲಾದ ವಿಷಯ, ನಾಲ್ಕನೇ ವರ್ಷದ ಅಚ್ಚೂ ಅದರಲ್ಲಿದೆ. ಹೀಗೆ ಊರು, ಬೆಲೆ, ಇಸವಿ, ಗುರುತು ನಾಲ್ಕೂ ಒಂದೇ ಮಾತಿಗೆ ಬಂದವು. ಅಯಸ್ಕಾಂತಕ್ಕೂ ಹಿಡಿದು ನೋಡಿದೆ, ಅಂಟಲಿಲ್ಲ. ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಲೋಹ ಅಂಟುವುದಿಲ್ಲ. ಅಂಟಿದ್ದರೆ ಕಬ್ಬಿಣದ ನಕಲು ಎಂದು ಅನುಮಾನಿಸಬೇಕಿತ್ತು.

ಈಗ ಎರಡನೆಯದು, ಹುಣಸೆಹಣ್ಣಿನಿಂದ ಪಾರಾದ ಮಂಕು ನಾಣ್ಯ. ಕಪ್ಪು ಹಾಗೇ ಇದ್ದುದರಿಂದ ಟಾರ್ಚೂ ಬೇಕಾಗಲಿಲ್ಲ. ಅದೇ ತುಘ್ರಾ, ಅದೇ 1327. ಮೇಷ್ಟ್ರಿಗೆ ಆಗಲೇ ಧೈರ್ಯ ಬಂದಿತ್ತು. 'ಇದೂ ಈಜಿಪ್ಟೇ. ಆದರೆ ಆಳ್ವಿಕೆಯ ವರ್ಷದ ಜಾಗದಲ್ಲಿ ಸೊನ್ನೆ ಹಾಕಿದ್ದಾರಲ್ಲ?' ಎಂದರು. ಎರಡು ನಿಮಿಷ ಸುಮ್ಮನಿದ್ದೆ. ಆಮೇಲೆ ಅವರೇ ಹಣೆ ಚಚ್ಚಿಕೊಂಡು 'ಐದು!' ಎಂದರು. ಐದನೇ ವರ್ಷ, ಹಿಜರಿ 1331, 1913ರ ಸುಮಾರು.

ಊರು ಮಾತ್ರ ಈಜಿಪ್ಟಲ್ಲ. ಫೀ ಆದಮೇಲೆ ಮೂರಕ್ಷರದ ಬದಲು ಉದ್ದಕ್ಕೆ ಎಳೆದ ಪದ. ಹಲ್ಲು ಹಲ್ಲಾಗಿ, ಚುಕ್ಕೆ ಚುಕ್ಕೆಯಾಗಿ ಸಾಗುವ ಕುಸ್ತಂತೀನಿಯ್ಯಾ, ಅಂದರೆ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ಬೆಲೆ 40 ಪಾರಾ. ಪಾರಾ ಎಂಬಲ್ಲಿ ದೋಣಿಯಂಥ ಅಕ್ಷರದ ಕೆಳಗೆ ಒಂದಲ್ಲ, ಮೂರು ಚುಕ್ಕೆ. ಅರಬ್ಬಿ ಭಾಷೆಯಲ್ಲಿ ಪಕಾರವಿಲ್ಲ. ಮೂರು ಚುಕ್ಕೆಯ ಪ ಕಂಡರೆ ಆ ಪದ ಪಾರ್ಸಿ, ಉರ್ದು, ಹಳೇ ತುರ್ಕಿ ಇಂಥವುಗಳಲ್ಲಿ ಒಂದು. ಎಷ್ಟೋ ಜನ ಇದನ್ನೇ ಹಿಡಿದು 'ಪ ಇದೆ, ಆದ್ದರಿಂದ ಉರ್ದು, ಆದ್ದರಿಂದ ನಿಜಾಮ' ಎಂದು ಹೈದರಾಬಾದ್ ರೈಲು ಹತ್ತಿಬಿಡುತ್ತಾರೆ. ಒಂದೇ ಸುಲ್ತಾನ, ಒಂದೇ ತುಘ್ರಾ, ಒಂದೇ ಇಸವಿ, ಆದರೆ ಒಂದು ಈಜಿಪ್ಟಿನ ಲೆಕ್ಕದ್ದು, ಇನ್ನೊಂದು ತುರ್ಕಿಯ ಲೆಕ್ಕದ್ದು. ಒಂದರ ಅಂಗಡಿಯಲ್ಲಿ ಇನ್ನೊಂದನ್ನು ಅದೇ ಬೆಲೆಗೆ ತೆಗೆದುಕೊಳ್ಳುತ್ತಿರಲಿಲ್ಲ.

ಈಗ ಅಜ್ಜನ ಕಥೆ ಹೇಳಿ ಅಂದೆ.

ಅಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರಂತೆ, ಕುದುರೆ ನೋಡಿಕೊಳ್ಳುವ ಕೆಲಸ. ಎಲ್ಲಿಗೆ ಹೋಗಿದ್ದರು ಎಂಬುದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ, 'ಸಮುದ್ರದಾಚೆ' ಎಂದಷ್ಟೇ ಹೇಳುತ್ತಿದ್ದರು. ಮೈಸೂರು ಸಂಸ್ಥಾನದ ಆ ಕುದುರೆ ಪಡೆ 1914ರ ಕೊನೆಗೆ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಅಲ್ಲಿಂದ ತುರ್ಕಿಯವರ ಕೈಯಲ್ಲಿದ್ದ ಪ್ಯಾಲೆಸ್ಟೀನಿಗೆ ಸಾಗಿ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇಂದಿಗೂ ಇದೆ.

ಇದೆಲ್ಲ ಸಾಬೀತಾಯಿತೆಂದು ನಾನು ಹೇಳಲಿಲ್ಲ. ಹಜ್ ಮುಗಿಸಿ ಬಂದ ಯಾರಾದರೂ ಕೊಟ್ಟಿರಬಹುದು, ಬಂದರಿನ ಕೂಲಿಯೊಬ್ಬನ ಕೈಯಿಂದ ದಾಟಿರಬಹುದು. ನಾಣ್ಯ ತಾನು ಹುಟ್ಟಿದ ಊರು ಹೇಳುತ್ತದೆ, ಬಂದ ದಾರಿ ಹೇಳುವುದಿಲ್ಲ. ಆದರೂ ಈಜಿಪ್ಟಿನದೊಂದು, ತುರ್ಕಿಯದೊಂದು, ಎರಡೂ ಯುದ್ಧಕ್ಕೆ ಒಂದೆರಡು ವರ್ಷ ಮೊದಲು ಅಚ್ಚಾದವು, ಎರಡೂ ಒಂದೇ ಟ್ರಂಕಿನಲ್ಲಿ. ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.

ಹೊರಡುವಾಗ ಬಾಗಿಲ ಬಳಿ ನಿಂತು 'ಮಾರಿದರೆ ಏನು ಸಿಕ್ಕೀತು?' ಎಂದು ಕೇಳಿದರು. ಎರಡೂ ಮಾಮೂಲಿ ಚಿಲ್ಲರೆ, ಹುಣಸೆಹಣ್ಣಿನದಕ್ಕಂತೂ ಏನೂ ಸಿಗುವುದಿಲ್ಲ ಅಂದೆ. 'ಒಳ್ಳೆಯದಾಯಿತು ಬಿಡಿ' ಎನ್ನುತ್ತಾ, ಪೆನ್ಸಿಲ್ ತಿಕ್ಕಿದ ಕಾಗದವನ್ನೂ ಮಡಚಿ ಡಬ್ಬಿಯೊಳಗೇ ಹಾಕಿಕೊಂಡರು.